ಕೆಲಸ ಹಂಚುವ ಇಮೇಲಿನಲ್ಲಿ ಕರ್ಮಣಿಯೋ ಕರ್ತರಿಯೋ?

ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳಿಗೆ ಬರುವ ಸುತ್ತೋಲೆಗಳಲ್ಲಿ ಹೆಚ್ಚಿನವು ಮಲಯಾಳಂನಲ್ಲಿರುತ್ತವೆ. ಅವುಗಳನ್ನು ಕನ್ನಡಕ್ಕೆ ತಂದು ಪೋಷಕರಿಗೆ ತಲುಪಿಸುವ ಕೆಲಸವನ್ನು ಹಂಚುವಾಗ, ಸ್ಟಾಫ್ ಸೆಕ್ರೆಟರಿಯಾಗಿ ನಾನು ಎರಡೂ ಪ್ರಯೋಗಗಳಲ್ಲಿ ಇಮೇಲ್ ಬರೆದು ನೋಡಿದ್ದೇನೆ.

ಮೊದಲನೆಯದು ಕಚೇರಿಗಳ ರೂಢಿಯ ಶೈಲಿ: "ಸುತ್ತೋಲೆಯ ಕನ್ನಡ ಅನುವಾದವನ್ನು ಬುಧವಾರದೊಳಗೆ ಸಿದ್ಧಪಡಿಸಿ ಪೋಷಕರಿಗೆ ತಲುಪಿಸಲಾಗುವುದು." ಓದಲು ಗಂಭೀರವಾಗಿದೆ, ಯಾರಿಗೂ ಆಜ್ಞೆ ಮಾಡಿದಂತಿಲ್ಲ. ಆದರೆ ಅನುವಾದ, ತಿದ್ದುಪಡಿ, ಮುದ್ರಣ, ವಿತರಣೆ ಎಂಬ ನಾಲ್ಕು ಕೆಲಸಗಳು ಈ ಒಂದೇ ವಾಕ್ಯದೊಳಗೆ ಅಡಗಿದ್ದು, ಯಾವುದಕ್ಕೂ ಕರ್ತೃವಿಲ್ಲ. ಇದಕ್ಕೆ "ಸರಿ", "ಗಮನಿಸಿದೆ" ಎಂಬ ಉತ್ತರಗಳು ಬೇಗನೆ ಬಂದವು; ಬುಧವಾರ ನೋಡಿದರೆ ಮೊದಲ ಪುಟವನ್ನು ಇಬ್ಬರು ಅನುವಾದಿಸಿದ್ದರು, ಕೊನೆಯ ಪುಟದ ಕೋಷ್ಟಕವನ್ನು ಯಾರೂ ಮುಟ್ಟಿರಲಿಲ್ಲ.

ಕರ್ತರಿಗೆ ತಿರುಗಿಸಿದ ಮಾತ್ರಕ್ಕೆ ಈ ತೊಡಕು ಬಿಡಿಸಿಕೊಳ್ಳುವುದಿಲ್ಲ. "ಬುಧವಾರದೊಳಗೆ ಅನುವಾದಿಸಿ ಕಳುಹಿಸಿ" ಎಂಬುದು ಕರ್ತರಿಯೇ ಆದರೂ, ಕನ್ನಡದಲ್ಲಿ "ನೀವು" ಎಂಬುದನ್ನು ಬಿಟ್ಟು ಬರೆಯಬಹುದಾದ್ದರಿಂದ, ಆರು ಮಂದಿಗೆ ಒಟ್ಟಿಗೆ ಹೋದ ಇಮೇಲಿನಲ್ಲಿ ಅದು ಯಾರಿಗೆ ಹೇಳಿದ ಮಾತೆಂದು ತಿಳಿಯುವುದಿಲ್ಲ. ಕೊನೆಗೆ ನಿಂತದ್ದು ಈ ರೂಪ: "ಮಲಯಾಳಂ ಟೀಚರ್ ಕೋಷ್ಟಕವೂ ಸೇರಿದಂತೆ ಪೂರ್ತಿ ಅನುವಾದವನ್ನು ಮಂಗಳವಾರ ಸಂಜೆ 4 ಗಂಟೆಯೊಳಗೆ ಕನ್ನಡ ಮಾಸ್ಟ್ರಿಗೆ ಕಳುಹಿಸುತ್ತಾರೆ. ಮಾಸ್ಟ್ರು ತಿದ್ದಿದ ಪ್ರತಿಯನ್ನು ಬುಧವಾರ ಬೆಳಿಗ್ಗೆ ಆಫೀಸಿಗೆ ಕೊಡುತ್ತಾರೆ. ಮುದ್ರಣ, ವಿತರಣೆ ನನ್ನದು." ಪ್ರತಿಯೊಂದು ಕೆಲಸಕ್ಕೂ ಒಬ್ಬರೇ ಕರ್ತೃ, ಅವರು ಯಾರ ಕೈಗೆ ಒಪ್ಪಿಸಬೇಕೆಂಬುದೂ ಅಲ್ಲಿಯೇ ಇದೆ. ಹಿರಿಯ ಸಹೋದ್ಯೋಗಿಗಳಿಗೆ ಇದು ಬಿರುಸಾಗಿ ಕೇಳೀತೆಂಬ ಅಳುಕಿದ್ದರೆ, ಕರ್ಮಣಿಗೆ ಹಿಂದಿರುಗುವ ಬದಲು "ಕಳುಹಿಸಿಕೊಡಬೇಕಾಗಿ ವಿನಂತಿ" ಎಂದು ಮುಗಿಸಬಹುದು. ಟೀಚರ್ ಎಂಬ ಕರ್ತೃ ಇದ್ದಲ್ಲೇ ಇರುತ್ತಾರೆ.

ಕರ್ಮಣಿಯನ್ನು ನಾನು ಪೂರ್ತಿ ಕೈಬಿಟ್ಟಿಲ್ಲ. "ಸಭೆಯನ್ನು ಶುಕ್ರವಾರಕ್ಕೆ ಮುಂದೂಡಲಾಗಿದೆ" ಎನ್ನುವಲ್ಲಿ ಮುಂದೂಡಿದವರು ಯಾರೆಂಬುದು ಓದುವವರಿಗೆ ಬೇಕಿಲ್ಲ. ತಡವಾದ ಕೆಲಸವನ್ನು ನೆನಪಿಸುವಾಗಲೂ "ನೀವು ಕಳುಹಿಸಿಲ್ಲ" ಎಂದು ಎಲ್ಲರೆದುರು ಬೆರಳು ತೋರಿಸುವುದಕ್ಕಿಂತ "ಅನುವಾದ ಇನ್ನೂ ತಲುಪಿಲ್ಲ" ಎಂಬುದು ಮೇಲು. ಇದು ವ್ಯಾಕರಣದಲ್ಲಿ ಕರ್ಮಣಿಯಲ್ಲ, ಆದರೂ ಆ ಕೆಲಸವನ್ನು ಅದಕ್ಕಿಂತ ಚೆನ್ನಾಗಿ ಮಾಡುತ್ತದೆ. "ಕಳುಹಿಸಲಾಗಲಿಲ್ಲ" ಎಂದು ಬರೆದರೆ ಯಾರೂ ಕಳುಹಿಸಲಿಲ್ಲವೋ, ಕಳುಹಿಸಲು ಸಾಧ್ಯವಾಗಲಿಲ್ಲವೋ ಎಂಬ ಗೊಂದಲ ಉಳಿಯುತ್ತದೆ.

ಯಾವ ಇಮೇಲ್ ನಾಟಿತೆಂಬುದು ಬರುವ ಉತ್ತರದಿಂದಲೇ ಗೊತ್ತಾಗುತ್ತದೆ. ಕರ್ತೃವಿರುವ ಇಮೇಲಿಗೆ "ಸರಿ" ಎಂಬುದಕ್ಕಿಂತ "ಮಂಗಳವಾರ ನನಗೆ ಪರೀಕ್ಷಾ ಡ್ಯೂಟಿ ಇದೆ, ಸೋಮವಾರವೇ ಕೊಡಲೇ?" ಎಂಬಂಥ ಪ್ರಶ್ನೆಗಳೇ ಹೆಚ್ಚು ಬರುತ್ತವೆ.