ವಾಚಿನ ಬೆನ್ನಿಗೆ ಗಾಜೋ, ಉಕ್ಕೋ?

ಜರ್ಮನಿಯ ನೋಮೋಸ್ ಕಂಪನಿಯ ಟಾಂಗೆಂಟೆ 35 ಎರಡೂ ಬಗೆಯಲ್ಲಿ ಸಿಗುತ್ತದೆ. ಒಳಗಿರುವುದು ಒಂದೇ ಕೀಲಿ ಕೊಡುವ ಯಂತ್ರ. ಉಕ್ಕಿನ ಮುಚ್ಚಳದ್ದು 6.2 ಮಿ.ಮೀ. ದಪ್ಪ, ಗಾಜಿನದ್ದು 6.6. ಸಫೈರ್ ಗಾಜು ಬಾಗದೆ ಒಡೆಯುವ ವಸ್ತು. ಅದಕ್ಕೇ ಅದನ್ನು ದಪ್ಪವಾಗಿಟ್ಟು, ಸುತ್ತ ಲೋಹದ ಚೌಕಟ್ಟು ಕೊಡಬೇಕು. ತೆಳು ವಾಚಿನಲ್ಲಿ ಈ 0.4 ಮಿ.ಮೀ. ಅಂಗಿಯ ತೋಳಿನಡಿ ತಿಳಿಯುತ್ತದೆ.

ಗಾಜಿಗೆ ಗೀರು ಬೀಳುವುದು ಅಪರೂಪ, ಆದರೆ ಜೋರು ಪೆಟ್ಟಿಗೆ ಸೀಳಿದರೆ ಚೂರುಗಳು ಚಕ್ರಗಳ ನಡುವೆ ಸೇರುತ್ತವೆ. ಉಕ್ಕು ತಗ್ಗಾಗುತ್ತದೆ, ಅಷ್ಟೆ. ಗಾಜು ಕೂರುವ ಅಂಚಿನಲ್ಲಿ ನೀರು ತಡೆಯಬೇಕಾದ ಇನ್ನೊಂದು ಸಂದೂ ಇರುತ್ತದೆ. ಸರ್ವಿಸ್ ವೇಳೆ ಅದನ್ನೂ ಪರೀಕ್ಷೆ ಮಾಡಿಸಿ.

ವಾಚಿನ ಸಮಯ ಕೆಡಿಸುವ ಅಯಸ್ಕಾಂತದ ವಿಷಯಕ್ಕೆ ಮಾತ್ರ ಮೋಸಹೋಗಬೇಡಿ: ಸಾಮಾನ್ಯ ಸ್ಟೇನ್‌ಲೆಸ್ ಮುಚ್ಚಳ ಅದರ ಪ್ರಭಾವ ತಡೆಯದು, ಒಳಗೆ ಮೆದು ಕಬ್ಬಿಣದ ಕವಚ ಬೇಕು. ಯಂತ್ರ ನೋಡುವ ಆಸೆ ಇಲ್ಲದಿದ್ದರೆ ಉಕ್ಕಿನದ್ದನ್ನೇ ಕೊಳ್ಳಿ.