ಡಿಸ್ಟ್ರಿಬ್ಯೂಟರ್ ಮೊದಲೋ, ಅಂಗಡಿ ಮೊದಲೋ?

ಹೊಸ ತಿಂಡಿಯ ಪ್ಯಾಕೆಟ್ಟನ್ನು ಮಾರುಕಟ್ಟೆಗೆ ಇಳಿಸಲು ನಮ್ಮ ಕಡೆ ಎರಡು ದಾರಿ ಉಂಟು. ಡಿಸ್ಟ್ರಿಬ್ಯೂಟರಿಗೆ ಮಾಲು ಬಿಲ್ ಮಾಡಿ ಅವರ ಸೇಲ್ಸ್‌ಮನ್ ಅಂಗಡಿ ತುಂಬಲಿ ಎಂದು ಕಾಯುವುದು ಒಂದು. ನಾವೇ ಗಾಡಿಯಲ್ಲಿ ಹಾಕಿಕೊಂಡು ಅಂಗಡಿ ಅಂಗಡಿಗೆ ಹೋಗುವುದು ಇನ್ನೊಂದು. ನಮ್ಮ ಖಾರ ಮರಗೆಣಸಿನ ಚಿಪ್ಸನ್ನು ಒಂದೇ ನವೆಂಬರಿನಲ್ಲಿ ಎರಡೂ ರೀತಿ ಇಳಿಸಿದೆವು. ಕಾಪು, ಉಡುಪಿ, ಬ್ರಹ್ಮಾವರ ಡಿಸ್ಟ್ರಿಬ್ಯೂಟರಿಗೆ. ಸುರತ್ಕಲ್, ಮೂಲ್ಕಿ, ಕಿನ್ನಿಗೋಳಿ ನಮ್ಮದೇ ಓಮ್ನಿಗೆ. ಪ್ಯಾಕೆಟ್ ಅದೇ, ಎಂಆರ್‌ಪಿ 20 ರೂಪಾಯಿ, ಪ್ಯಾಕ್ ಆದ ದಿನದಿಂದ 90 ದಿನ ಬಾಳಿಕೆ.

ನವೆಂಬರ್ ಯಾಕೆಂದರೆ, ದೀಪಾವಳಿಗೆ ಮುಂಚೆ ಡಿಸ್ಟ್ರಿಬ್ಯೂಟರ ಗೋಡೌನಿನಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ದೊಡ್ಡ ಕಂಪನಿಗಳು ಹಬ್ಬದ ಸ್ಕೀಮ್ ಕೊಟ್ಟು ಮಾಲು ತುಂಬಿರುತ್ತವೆ, ಅವರ ದುಡ್ಡೂ ಅಲ್ಲೇ ಸಿಕ್ಕಿರುತ್ತದೆ. ಹಬ್ಬ ಮುಗಿದ ಮೇಲೆ ಗೋಡೌನ್ ಸ್ವಲ್ಪ ಖಾಲಿಯಾಗುತ್ತದೆ. ಯಕ್ಷಗಾನ ಮೇಳಗಳೂ ಹೊರಡುತ್ತವೆ, ಕೋಲ, ಜಾತ್ರೆ ಶುರು. ರಾತ್ರಿಯ ಸಂತೆಯಂಗಡಿ, ಗೂಡಂಗಡಿಗಳಿಗೆ ಮೇ ತಿಂಗಳ ಪತ್ತನಾಜೆಯವರೆಗೆ ವ್ಯಾಪಾರ.

ಡಿಸ್ಟ್ರಿಬ್ಯೂಟರ ದಾರಿಯಲ್ಲಿ ಮೊದಲು ತಿಳಿದುಕೊಳ್ಳಬೇಕಾದ್ದು ಅವರ ತಿಂಗಳು ಹೇಗೆ ನಡೆಯುತ್ತದೆ ಎಂಬುದು. 20ನೇ ತಾರೀಕು ದಾಟಿತೆಂದರೆ ಸೇಲ್ಸ್‌ಮನ್ನಿನ ತಲೆಯಲ್ಲಿ ದೊಡ್ಡ ಕಂಪನಿಯ ಟಾರ್ಗೆಟ್ ಬಿಟ್ಟರೆ ಬೇರೇನೂ ಇರುವುದಿಲ್ಲ. ಆ ವಾರ ಗೋಡೌನಿಗೆ ಇಳಿದ ಹೊಸ ಮಾಲು ಮುಂದಿನ ತಿಂಗಳ ಮೊದಲ ವಾರದವರೆಗೆ ಅಲ್ಲೇ ಕೂತಿರುತ್ತದೆ. ಒಂದು ರಸ್ತೆಗೆ ಅವನು ಬರುವುದು ವಾರಕ್ಕೊಮ್ಮೆ. ಕೈಯಲ್ಲಿ ಹತ್ತಾರು ಕಂಪನಿಯ ಮಾಲಿನ ಪಟ್ಟಿ, ಅದರ ಕೊನೆಯಲ್ಲಿ ನಮ್ಮ ಹೆಸರು. ಅಂಗಡಿಯವರಿಗೆ ಅಷ್ಟು ಹೊತ್ತಿಗೆ ಬೇಸರ ಬಂದಿರುತ್ತದೆ. ಹಾಗಾಗಿ ಮೊದಲ ಸುತ್ತಿನಲ್ಲಿ ಕೆಲವು ಅಂಗಡಿ, ಎರಡನೆಯದರಲ್ಲಿ ಇನ್ನು ಕೆಲವು. ರಸ್ತೆ ಪೂರ್ತಿ ತುಂಬಲು ಮೂರು ವಾರ ಬೇಕು.

ಈಗ 90 ದಿನವನ್ನು ಕಳೆಯುತ್ತಾ ಬನ್ನಿ. ಲೋಡಿಗೆ ಸಾಕಾಗುವಷ್ಟು ಪೆಟ್ಟಿಗೆ ಕೂಡಿಸಿ ಟೆಂಪೊ ಹತ್ತಿಸಲು ಒಂದು ವಾರ, ಗೋಡೌನಿನಲ್ಲಿ ಒಂದು ವಾರ, ಅಂಗಡಿಗಳಿಗೆ ಹೋಗಲು ಮೂರು ವಾರ. ಕೊನೆಯ ಅಂಗಡಿಗೆ ಪ್ಯಾಕೆಟ್ ಸಿಗುವಾಗ 35 ದಿನ ಹೋಗಿ 55 ಉಳಿದಿರುತ್ತದೆ. ನಮ್ಮ ಅಂಗಡಿಯವರು ಮೊದಲು ತಿರುಗಿಸಿ ನೋಡುವುದೇ ತಾರೀಕಿನ ಮುದ್ರೆಯನ್ನು. ತಿಂಗಳು ದಾಟಿದ್ದರೆ "ಇದು ಹಳೆ ಸ್ಟಾಕಲ್ವಾ ಮಾರಾಯ್ರೆ" ಎಂಬ ಮಾತು ಬಂದೇ ಬರುತ್ತದೆ. ಅದು ಮಾರಾಟವಾಗದೆ ಎಕ್ಸ್‌ಪೈರಿ ಆದರೆ ಡಿಸ್ಟ್ರಿಬ್ಯೂಟರ ಮೂಲಕ ನಮಗೇ ವಾಪಸ್, ಬಾಕಿಯಲ್ಲಿ ಕಡಿತ.

ಓಮ್ನಿಯಲ್ಲಿ ಸೋಮವಾರ ಪ್ಯಾಕ್ ಆದದ್ದು ಬುಧವಾರ ಕಿನ್ನಿಗೋಳಿಯ ಅಂಗಡಿಯಲ್ಲಿ ನೇತಾಡುತ್ತಿತ್ತು. ಅದಕ್ಕಿಂತ ದೊಡ್ಡ ಲಾಭ ಇನ್ನೊಂದಿತ್ತು, ನೇತು ಹಾಕಿದ ಜಾಗವನ್ನು ಕಣ್ಣಾರೆ ನೋಡುವುದು. ಎದುರಿನ ಕಂಬಿಯಲ್ಲಿ ಪಶ್ಚಿಮದ ಬಿಸಿಲು ನೇರ ಬೀಳುವ ಕಡೆ ತೂಗಿದರೆ ಎಣ್ಣೆ ಬೇಗ ಕಮಟುತ್ತದೆ. ಗಾಳಿ ಇಳಿದು ಮೆತ್ತಗಾದ ಪ್ಯಾಕೆಟ್ ಕಂಡರೆ ಅಂಗಡಿಯವರ ಹತ್ತಿರ ಒಂದು ಬಕೆಟ್ ನೀರು ಕೇಳಿ ಮುಳುಗಿಸಿ ಹಿಡಿಯುತ್ತಿದ್ದೆ. ಗುಳ್ಳೆ ಮೂಲೆಯಿಂದ ಬಂತೆಂದರೆ ಸೀಲ್ ಸರಿ ಕೂತಿಲ್ಲ, ಸೀಲಿಂಗ್ ಮೆಶಿನಿನ ಬಿಸಿ ನೋಡಬೇಕು. ನಮ್ಮ ಊರಿನ ಹವೆಯಲ್ಲಿ ಅಂಥ ಪ್ಯಾಕೆಟ್ಟಿನ ಚಿಪ್ಸ್ ಕೆಲವೇ ದಿನಗಳಲ್ಲಿ ಚರ್ಮದ ಹಾಗೆ ಆಗುತ್ತದೆ. ಇದೇ ತೊಂದರೆ ಉಡುಪಿ ಕಡೆಯಿಂದ ನಮಗೆ ತಲುಪಿದ್ದು ತಿಂಗಳು ಕಳೆದ ಮೇಲೆ, ಬಿಲ್ಲಿನಲ್ಲಿ "ಡ್ಯಾಮೇಜ್" ಎಂಬ ಒಂದೇ ಶಬ್ದವಾಗಿ.

ಹಾಗಾದರೆ ಓಮ್ನಿಯಲ್ಲೇ ತಿರುಗಬಾರದೇ? ಲೆಕ್ಕ ಬಿಡುವುದಿಲ್ಲ. ಅಂಗಡಿಗೆ ನಾವು ಕೊಡುವ ದರ 16 ರೂಪಾಯಿ, ಡಿಸ್ಟ್ರಿಬ್ಯೂಟರಿಗೆ 14.50. ಶೇ. 5 ಜಿಎಸ್‌ಟಿ ಒಳಗಿನಿಂದ ತೆಗೆದರೆ 15.24 ಮತ್ತು 13.81. ಅಂದರೆ ನಾವೇ ಹೋದರೆ ಪ್ಯಾಕೆಟ್ಟಿಗೆ ಹೆಚ್ಚು ಸಿಗುವುದು 1.43 ರೂಪಾಯಿ. ಪೆಟ್ರೋಲು, ಜೊತೆಗೆ ಬರುವ ಹುಡುಗನ ಸಂಬಳ ಸೇರಿ ದಿನಕ್ಕೆ 1,100 ರೂಪಾಯಿ ಎಂದಿಟ್ಟುಕೊಳ್ಳಿ. ಅದು ಹುಟ್ಟಬೇಕಾದರೆ ದಿನಕ್ಕೆ 770 ಪ್ಯಾಕೆಟ್ ಹೋಗಬೇಕು. ದಿನಕ್ಕೆ ಮೂವತ್ತು ಅಂಗಡಿ ಹತ್ತಿದರೂ ತಲಾ 25ಕ್ಕಿಂತ ಹೆಚ್ಚು. ಹೊಸ ತಿಂಡಿಯನ್ನು ಗೂಡಂಗಡಿಯವರು ತೆಗೆದುಕೊಳ್ಳುವುದು ಒಂದು ಡಜನ್, ಅದೂ ಮುಖ ನೋಡಿ. ಒಂದೇ ಐಟಂ ಇಟ್ಟುಕೊಂಡು ಸ್ವಂತ ಲೈನ್ ಓಡಿಸಿದರೆ ಲಾಭ ಪೆಟ್ರೋಲ್ ಬಂಕಿಗೆ.

ದುಡ್ಡಿನ ವಿಚಾರದಲ್ಲೂ ಎರಡಕ್ಕೂ ಬೇರೆ ಬೇರೆ ಗುಣ. ಡಿಸ್ಟ್ರಿಬ್ಯೂಟರದ್ದು ತಡವಾದರೂ ಒಂದೇ ಚೆಕ್ಕು. ಗೂಡಂಗಡಿಯದ್ದು ಸ್ಥಳದಲ್ಲೇ ಸಿಗುತ್ತದೆ, ಇಲ್ಲವಾದರೆ "ಮುಂದಿನ ವಾರ ಕೊಡುವ", ಅಷ್ಟೆ.

ಆದರೂ ಓಮ್ನಿ ಬೇಕು, ಸ್ವಲ್ಪ ಕಾಲಕ್ಕೆ. ಡಿಸ್ಟ್ರಿಬ್ಯೂಟರ ಮೊದಲ ಆರ್ಡರ್ ದೊಡ್ಡದಾಗಿಯೇ ಇರುತ್ತದೆ. ಅದು ಮಾರಾಟವಲ್ಲ, ನಮ್ಮ ಗೋಡೌನಿನಿಂದ ಅವರ ಗೋಡೌನಿಗೆ ಮಾಲಿನ ವರ್ಗಾವಣೆ. ತಿಂಡಿ ಓಡುತ್ತದೋ ಇಲ್ಲವೋ ಗೊತ್ತಾಗುವುದು ಅಂಗಡಿಯ ಮೂರನೇ ಸುತ್ತಿನಲ್ಲಿ. ಮೊದಲನೆಯದು ದಾಕ್ಷಿಣ್ಯ. ಎರಡನೆಯ ಸುತ್ತಿನಲ್ಲಿ ಮೂಲ್ಕಿಯ ಒಬ್ಬರು ಹಿರಿಯರು ಉಳಿದ ನಾಲ್ಕು ಪ್ಯಾಕೆಟ್ ತೋರಿಸಿ, "ಇದೊಂದು ಖಾಲಿ ಆಗಲಿ ಮಾರಾಯ್ರೆ, ಆಮೇಲೆ ನೋಡುವ" ಎಂದರು. ಮೂರನೆಯ ಸಲ ನಾನು ಬಾಯಿ ಬಿಡುವ ಮೊದಲೇ "ಎರಡು ಡಜನ್ ಇಡಿ, ಶಾಲೆ ಬಿಟ್ಟ ಮೇಲೆ ಮಕ್ಕಳು ಕೇಳ್ತಾರೆ" ಎಂದರು. ಹೀಗೆ ತಾವಾಗಿ ಕೇಳುವ ಅಂಗಡಿ ಅರ್ಧಕ್ಕಿಂತ ಹೆಚ್ಚಿದ್ದರೆ ಆ ರಸ್ತೆ ಡಿಸ್ಟ್ರಿಬ್ಯೂಟರಿಗೆ ಕೊಡಲು ತಯಾರು. ಕಡಿಮೆ ಇದ್ದರೆ ಖಾರ, ತೂಕ ಅಥವಾ ಬೆಲೆಯಲ್ಲಿ ಏನೋ ಕೂರುತ್ತಿಲ್ಲ. ಉಡುಪಿಯಲ್ಲಿ ಈ ಸಂಗತಿ ತಿಳಿಯಲು ಡಿಸ್ಟ್ರಿಬ್ಯೂಟರ ಹತ್ತಿರ ಅಂಗಡಿವಾರು ಬಿಲ್ ಪಟ್ಟಿ ಕೇಳಿ ಕೇಳಿ ಸಾಕಾಯಿತು. ಒಟ್ಟು ಎಷ್ಟು ಪೆಟ್ಟಿಗೆ ಹೋಯಿತು ಎಂದಷ್ಟೇ ಹೇಳುತ್ತಿದ್ದರು.

ಆದ್ದರಿಂದ ಈಗ ನಮ್ಮ ಕ್ರಮ ಹೀಗೆ. ನವೆಂಬರ್ ಮೊದಲ ವಾರದಿಂದ ಡಿಸೆಂಬರ್ ಮಧ್ಯದವರೆಗೆ ಹೊಸ ಊರಿನಲ್ಲಿ ಸ್ವಂತ ಲೈನ್, ಮೂರು ಸುತ್ತು ಮುಗಿಯುವ ತನಕ. ಈ ಅವಧಿಯ ನಷ್ಟವನ್ನು ಪ್ರಚಾರದ ಖರ್ಚಿನಲ್ಲಿ ಬರೆಯುತ್ತೇವೆ. ಆಮೇಲೆ ಯಾವ ಅಂಗಡಿ ಎಷ್ಟು ಸಲ ತೆಗೆದುಕೊಂಡಿತು ಎಂಬ ಪಟ್ಟಿ ಹಿಡಿದು ಡಿಸ್ಟ್ರಿಬ್ಯೂಟರ ಮುಂದೆ ಕೂರುವುದು. ಓಡುವ ಮಾಲೆಂದು ಅವರಿಗೆ ಗೊತ್ತಾದರೆ ಉದ್ರಿಯ ದಿನ ಕಡಿಮೆ ಮಾಡಲು ಒಪ್ಪುತ್ತಾರೆ. ಮಾಲು ಇಳಿಸುವುದು ಜನವರಿ ಒಂದರಿಂದ ಐದರ ಒಳಗೆ, ಪ್ಯಾಕ್ ಆಗಿ ವಾರ ದಾಟದ ಮಾಲು ಮಾತ್ರ. ಮೊದಲ ಎರಡು ಸುತ್ತಿಗೆ ನಮ್ಮ ಹುಡುಗ ಅವರ ಸೇಲ್ಸ್‌ಮನ್ನಿನ ಬೈಕಿನ ಹಿಂದೆ ಕೂರುತ್ತಾನೆ. ಅಂಗಡಿಯವರಿಗೆ ಪರಿಚಯದ ಮುಖ, ಪಟ್ಟಿಯ ಕೊನೆಯಲ್ಲಿದ್ದ ನಮ್ಮ ಹೆಸರು ಸ್ವಲ್ಪ ಮೇಲೆ ಬರುತ್ತದೆ.

ಎಲ್ಲರಿಗೂ ಇದು ಹೊಂದುವುದಿಲ್ಲ. ಆರು ತಿಂಗಳು ಬಾಳುವ ಹಪ್ಪಳದಂಥ ಮಾಲಾದರೆ ನೇರ ಡಿಸ್ಟ್ರಿಬ್ಯೂಟರಿಗೇ ಕೊಡಿ, 35 ದಿನ ಹೋದರೆ ಹೋಗಲಿ. ಮಂಗಳೂರಿನ ಕಡೆ ಕುಳಿತು ಕುಂದಾಪುರಕ್ಕೆ ಸ್ವಂತ ಲೈನ್ ಓಡಿಸುವ ಯೋಚನೆಯನ್ನೂ ಬಿಡಿ, ಹೋಗಿ ಬರುವುದರಲ್ಲೇ ಅಂಗಡಿ ಹತ್ತುವ ಹೊತ್ತು ಮುಗಿಯುತ್ತದೆ.

ಮೇ ಎರಡನೇ ವಾರದ ನಂತರ ದೊಡ್ಡ ಬಿಲ್ ಹಾಕುವುದನ್ನು ನಾವು ನಿಲ್ಲಿಸುತ್ತೇವೆ, ಡಿಸ್ಟ್ರಿಬ್ಯೂಟರ್ ಕೇಳಿದರೂ. ಪತ್ತನಾಜೆಗೆ ಮೇಳಗಳ ಗೆಜ್ಜೆ ಬಿಚ್ಚಿದ ಮೇಲೆ ರಾತ್ರಿಯ ವ್ಯಾಪಾರ ಇಲ್ಲ. ಜೂನ್ ಒಂದರಿಂದ ಜುಲೈ ಕೊನೆಯವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ, ಮಲ್ಪೆ ಬಂದರಿನ ಸುತ್ತಲಿನ ಗೂಡಂಗಡಿಗಳು ಅರ್ಧ ಬಾಗಿಲು. ಅಂಥ ಮಳೆಯಲ್ಲಿ ಗೋಡೌನಿನಲ್ಲಿ ಉಳಿದ ಪೆಟ್ಟಿಗೆಗಳು ಆಗಸ್ಟಿನಲ್ಲಿ ನಮ್ಮ ಮನೆ ಬಾಗಿಲಿಗೇ ಬಂದು ಇಳಿಯುತ್ತವೆ.