ಒಂದೇ ಹೆಸರಿನ ಎರಡು ಗ್ರಾಫಿಕ್ಸ್ ಚಿಪ್: ಆಲ್-ಇನ್-ಒನ್ ಮತ್ತು ಕ್ಯಾಬಿನೆಟ್ ಕಂಪ್ಯೂಟರಿನಲ್ಲಿ ಗೇಮ್ ಆಡಿ ನೋಡಿದ ಹೋಲಿಕೆ

ಪರದೆಯ ಬೆನ್ನಿನಲ್ಲೇ ಇಡೀ ಕಂಪ್ಯೂಟರನ್ನು ಅಡಗಿಸಿಕೊಂಡ ಆಲ್-ಇನ್-ಒನ್ ಯಂತ್ರದಲ್ಲಿ ಗೇಮ್ ಆಡಬಹುದೇ ಎಂದು ಕೇಳಿದರೆ, ಮೊದಲ ಐದು ನಿಮಿಷ ನೋಡಿದವರು ಹೌದೆನ್ನುತ್ತಾರೆ, ಅರ್ಧ ಗಂಟೆ ಆಡಿದವರು ಸ್ವಲ್ಪ ಯೋಚಿಸಿ ಉತ್ತರಿಸುತ್ತಾರೆ. ಎರಡು ತಿಂಗಳ ಕಾಲ ನನ್ನ ಮೇಜಿನ ಮೇಲೆ 27 ಇಂಚಿನ ಆಲ್-ಇನ್-ಒನ್ ಒಂದು, ಅದರ ಪಕ್ಕದಲ್ಲಿ ಸಾಮಾನ್ಯ ಕ್ಯಾಬಿನೆಟ್ ಕಂಪ್ಯೂಟರ್ ಒಂದು ಇದ್ದವು. ಎರಡರ ವಿವರಪಟ್ಟಿಯಲ್ಲೂ ಗ್ರಾಫಿಕ್ಸ್‌ಗೆ ಆರ್‌ಟಿಎಕ್ಸ್ 3050 ಎಂದೇ ಬರೆದಿತ್ತು. ಹೆಸರು ಒಂದೇ ಆಗಿದ್ದರಿಂದ ಆಟವೂ ಹೆಚ್ಚುಕಡಿಮೆ ಒಂದೇ ರೀತಿ ನಡೆಯಬೇಕೆಂದು ನಾನು ಎಣಿಸಿದ್ದೆ, ಆದರೆ ಆ ಎಣಿಕೆ ತಪ್ಪಾಗಿತ್ತು.

ಆಲ್-ಇನ್-ಒನ್‌ನಲ್ಲಿದ್ದುದು ಲ್ಯಾಪ್‌ಟಾಪ್‌ಗಾಗಿ ಮಾಡಿದ ಚಿಪ್. ಅದರಲ್ಲಿ 2048 ಕೋರ್‌ಗಳೂ 4 ಜಿಬಿ ಗ್ರಾಫಿಕ್ಸ್ ಮೆಮೊರಿಯೂ ಇವೆ, ಮತ್ತು ಅದು ಎಷ್ಟು ವಿದ್ಯುತ್ ಬಳಸಬೇಕೆಂಬುದನ್ನು 35ರಿಂದ 80 ವ್ಯಾಟ್‌ಗಳ ನಡುವೆ ಯಂತ್ರ ತಯಾರಿಸುವವರು ತಮ್ಮ ಪೆಟ್ಟಿಗೆಗೆ ತಕ್ಕಂತೆ ನಿಗದಿಪಡಿಸುತ್ತಾರೆ. ಕ್ಯಾಬಿನೆಟ್‌ನಲ್ಲಿದ್ದ ಕಾರ್ಡಿನಲ್ಲಿ 2560 ಕೋರ್‌ಗಳು, 8 ಜಿಬಿ ಮೆಮೊರಿ ಇದ್ದು, 130 ವ್ಯಾಟ್‌ವರೆಗೆ ಬಳಸಲು ಅದಕ್ಕೆ ಅವಕಾಶವಿದೆ. ಕೋರ್‌ಗಳ ಸಂಖ್ಯೆಯಲ್ಲಿನ ವ್ಯತ್ಯಾಸ ದೊಡ್ಡದಲ್ಲ. ಆಟದಲ್ಲಿ ಎದ್ದು ಕಾಣುವುದು ವ್ಯಾಟ್‌ನ ವ್ಯತ್ಯಾಸ. ಪೆಟ್ಟಿಗೆಯ ಮೇಲೆ ಹೆಚ್ಚಾಗಿ ಅಚ್ಚಾಗದ ಸಂಖ್ಯೆಯೂ ಅದೇ.

ವಿಶಾಲವಾದ ಊರೊಂದರಲ್ಲಿ ಕಾರು ಓಡಿಸಿಕೊಂಡು ಹೋಗುವ, ಯಂತ್ರಕ್ಕೆ ಸಾಕಷ್ಟು ಕೆಲಸ ಕೊಡುವ ಒಂದು ಗೇಮನ್ನು ಎರಡರಲ್ಲೂ ಹಾಕಿ, ಪರದೆಯ ಅಳತೆಯನ್ನು 1920×1080ಕ್ಕೂ ಚಿತ್ರದ ಗುಣಮಟ್ಟವನ್ನು ಮಧ್ಯಮಕ್ಕೂ ಇಟ್ಟು, ಒಂದೇ ದಾರಿಯಲ್ಲಿ ಮತ್ತೆ ಮತ್ತೆ ಓಡಿಸಿದೆ. ಹಿನ್ನೆಲೆಯಲ್ಲಿ ಈ ಆಜ್ಞೆ ಐದು ಸೆಕೆಂಡಿಗೊಮ್ಮೆ ಚಿಪ್ ಬಳಸುವ ವಿದ್ಯುತ್ತು, ವೇಗ ಮತ್ತು ಬಿಸಿಯನ್ನು ತೋರಿಸುತ್ತಿತ್ತು:

```
nvidia-smi --query-gpu=power.draw,clocks.gr,temperature.gpu --format=csv -l 5
```

ಆಲ್-ಇನ್-ಒನ್ ಮೊದಲ ಆರು ನಿಮಿಷ ಸೆಕೆಂಡಿಗೆ 56 ಫ್ರೇಮ್‌ಗಳ ಆಸುಪಾಸಿನಲ್ಲಿ ಓಡಿತು, ಚಿಪ್ ಆಗ ಸುಮಾರು 50 ವ್ಯಾಟ್ ಬಳಸುತ್ತಿತ್ತು. ಅಲ್ಲಿಂದ ಮುಂದೆ ಬಿಸಿ 86 ಡಿಗ್ರಿ ಮುಟ್ಟಿತು, ಬಳಕೆ ಮೆಲ್ಲಮೆಲ್ಲನೆ 35 ವ್ಯಾಟ್‌ಗೆ ಇಳಿಯಿತು, ಇಪ್ಪತ್ತನೆಯ ನಿಮಿಷದ ಹೊತ್ತಿಗೆ ಫ್ರೇಮ್‌ಗಳು 41ಕ್ಕೆ ಬಂದು ನಿಂತವು. ಕ್ಯಾಬಿನೆಟ್ ಯಂತ್ರ 78ರಲ್ಲಿ ಆರಂಭಿಸಿ ಒಂದು ಗಂಟೆಯ ನಂತರವೂ 77ರಲ್ಲಿತ್ತು. ಆಡುತ್ತಾ ಹೋದಂತೆ ಫ್ರೇಮ್ ಇಳಿಯುತ್ತಿದೆಯೆಂದಾದರೆ, ಅದರ ಜೊತೆಗೇ ವ್ಯಾಟ್ ಮತ್ತು ವೇಗ ಎರಡೂ ಇಳಿಯುತ್ತಾ ಬಿಸಿ ಮಾತ್ರ ಒಂದೇ ಮಟ್ಟಕ್ಕೆ ಅಂಟಿಕೊಂಡಿದ್ದರೆ, ತಡೆಯುತ್ತಿರುವುದು ಚಿಪ್‌ನ ಸಾಮರ್ಥ್ಯವಲ್ಲ, ಅದರ ಬಿಸಿಯನ್ನು ಹೊರಹಾಕುವ ವ್ಯವಸ್ಥೆ ಎಂದು ತಿಳಿಯಬೇಕು.

ಹಿಂಬದಿಯ ಮುಚ್ಚಳ ತೆಗೆದು ನೋಡಿದಾಗ ಕಾರಣ ಸ್ಪಷ್ಟವಾಗಿಯೇ ಕಂಡಿತು. ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಚಿಪ್‌ಗಳೆರಡರ ಮೇಲೂ ಹಾದುಹೋಗುವ ತಾಮ್ರದ ಕೊಳವೆಗಳು ಒಂದೇ ರೆಕ್ಕೆಗಳ ಗುಂಪಿಗೆ ಸೇರುತ್ತವೆ, ಅದಕ್ಕೆ ಗಾಳಿ ಊದಲು ತೆಳುವಾದ ಒಂದೇ ಫ್ಯಾನು ಇದೆ, ಬಿಸಿ ಗಾಳಿ ಮೇಲಂಚಿನ ಕಿರಿದಾದ ಸೀಳುಗಳಿಂದ ಹೊರಬರಬೇಕು. ಗೇಮ್ ಪ್ರೊಸೆಸರಿಗೂ ಕೆಲಸ ಕೊಡುವುದರಿಂದ ಅದು ಬಿಸಿಯಾದಾಗ ಗ್ರಾಫಿಕ್ಸ್ ಚಿಪ್ ತನ್ನ ಪಾಲನ್ನು ಬಿಟ್ಟುಕೊಡಬೇಕಾಗುತ್ತದೆ. ಮುಂದೆ ಪರದೆಯ ದೀಪಗಳದ್ದೂ ಒಂದಷ್ಟು ಬಿಸಿ ಇರುತ್ತದೆ. ಗೋಡೆಗೆ ಒರಗಿದಂತಿದ್ದ ಯಂತ್ರವನ್ನು ಒಂದು ಗೇಣು ಮುಂದಕ್ಕೆ ಎಳೆದಾಗ 41 ಇದ್ದದ್ದು 43 ಆಯಿತು, ಅದಕ್ಕಿಂತ ಹೆಚ್ಚಿನದೇನೂ ದೊರೆಯಲಿಲ್ಲ.

ಒಂದು ವೇಳೆ ಬಿಸಿಯ ಸಮಸ್ಯೆ ಪೂರ್ತಿ ಬಗೆಹರಿದರೂ ಇನ್ನೊಂದು ಗೋಡೆ ಎದುರಾಗುತ್ತದೆ. ಆ ಯಂತ್ರದ ಅಡಾಪ್ಟರ್ 120 ವ್ಯಾಟ್‌ನದು. ಗ್ರಾಫಿಕ್ಸ್‌ಗೆ 50, ಪ್ರೊಸೆಸರಿಗೆ 45, ಪರದೆಗೆ ಸುಮಾರು 25 ಎಂದು ಲೆಕ್ಕ ಹಾಕಿದರೆ ಅಲ್ಲಿಗೇ ಎಲ್ಲವೂ ಮುಗಿಯಿತು. ಕ್ಯಾಬಿನೆಟ್‌ನ ಕಾರ್ಡ್ ತಾನೊಂದೇ ಅದಕ್ಕಿಂತ ಹೆಚ್ಚು ಬಳಸಬಲ್ಲದು, ಅದರ ಹಿಂದೆ 500 ವ್ಯಾಟ್‌ನ ಪವರ್ ಸಪ್ಲೈ ಇರುತ್ತದೆ.

ಮೆಮೊರಿಯ ಕೊರತೆ ಬೇರೆ ರೀತಿಯಲ್ಲಿ ಕಾಣಿಸಿಕೊಳ್ಳುತ್ತದೆ, ಮತ್ತು ಇದನ್ನು ಬಿಸಿಯ ಸಮಸ್ಯೆಯೆಂದು ತಪ್ಪು ತಿಳಿಯುವುದು ಸುಲಭ. ಮೇಲ್ಮೈಗಳ ವಿವರವನ್ನು, ಅಂದರೆ ಟೆಕ್ಸ್‌ಚರ್ ಗುಣಮಟ್ಟವನ್ನು ಹೆಚ್ಚಿಸಿದಾಗ ಸರಾಸರಿ ಫ್ರೇಮ್ ಸಂಖ್ಯೆ ಅಷ್ಟೇ ಇದ್ದರೂ ಹೊಸ ಬೀದಿಗೆ ತಿರುಗಿದಾಗಲೆಲ್ಲ ಚಿತ್ರ ಕ್ಷಣಕಾಲ ತಡೆದು ನಿಲ್ಲುತ್ತಿತ್ತು. 4 ಜಿಬಿ ತುಂಬಿದ ನಂತರ ಉಳಿದ ದತ್ತಾಂಶವನ್ನು ಚಿಪ್ ಕಂಪ್ಯೂಟರಿನ ಮುಖ್ಯ ಮೆಮೊರಿಯಿಂದ ತರಿಸಿಕೊಳ್ಳಬೇಕು, ಆ ದಾರಿ ಬಹಳ ನಿಧಾನ. ಬೇರೆ ಏನನ್ನೂ ಮುಟ್ಟದೆ ಟೆಕ್ಸ್‌ಚರನ್ನು ಮಾತ್ರ ಒಂದು ಹಂತ ಇಳಿಸಿದೆ. ತಡೆಗಳು ಬಹುಪಾಲು ಮಾಯವಾದವು. 8 ಜಿಬಿ ಇದ್ದ ಕಾರ್ಡಿನಲ್ಲಿ ಈ ತೊಂದರೆ ಬರಲೇ ಇಲ್ಲ.

ನನಗೆ ಅತ್ಯಂತ ಬೇಸರ ತಂದದ್ದು ಪರದೆಯೊಂದಿಗಿನ ಹೊಂದಾಣಿಕೆ. ಆಲ್-ಇನ್-ಒನ್‌ನ ಪರದೆ ಸೆಕೆಂಡಿಗೆ 60 ಬಾರಿ, ಪ್ರತಿ 16.7 ಮಿಲಿಸೆಕೆಂಡಿಗೊಮ್ಮೆ, ಬದಲಾಗದ ಲಯದಲ್ಲಿ ಹೊಸತಾಗುತ್ತದೆ. ಚಿಪ್ ಸೆಕೆಂಡಿಗೆ 40 ಫ್ರೇಮ್ ಕೊಟ್ಟರೆ ಒಂದು ಫ್ರೇಮ್ 16.7 ಮಿಲಿಸೆಕೆಂಡು, ಮುಂದಿನದು 33.3 ಮಿಲಿಸೆಕೆಂಡು ನಿಲ್ಲುತ್ತದೆ. ಸರಾಸರಿ ಚೆನ್ನಾಗಿಯೇ ಕಂಡರೂ ರಸ್ತೆ ಕುಂಟುತ್ತಾ ಬಂದಂತೆ ಕಣ್ಣಿಗೆ ತೋರುತ್ತದೆ. ಆದ್ದರಿಂದ ಆ ಯಂತ್ರದಲ್ಲಿ 41ಕ್ಕೆ ಬೆಲೆಯಿಲ್ಲ: ಒಂದೋ ಚಿತ್ರದ ಗುಣಮಟ್ಟವನ್ನು ಇಳಿಸಿ 60ನ್ನು ಕಾಯ್ದುಕೊಳ್ಳಬೇಕು, ಇಲ್ಲವೇ 30ಕ್ಕೆ ಮಿತಿ ಹಾಕಿಕೊಳ್ಳಬೇಕು. ನೆರಳು ಮತ್ತು ಪ್ರತಿಬಿಂಬಗಳನ್ನು ಕನಿಷ್ಠಕ್ಕೆ ಇಳಿಸಿ 30ಕ್ಕೆ ಮಿತಿ ಹಾಕಿದಾಗ ಚಿಪ್ 25 ವ್ಯಾಟ್ ದಾಟಲಿಲ್ಲ, ಫ್ಯಾನಿನ ಸದ್ದು ತಗ್ಗಿತು, ಎರಡು ಗಂಟೆ ಆಡಿದರೂ ಆಟ ಒಂದೇ ಹದದಲ್ಲಿ ನಡೆಯಿತು. ಕ್ಯಾಬಿನೆಟ್‌ಗೆ ಜೋಡಿಸಿದ ಪ್ರತ್ಯೇಕ ಮಾನಿಟರ್ ಚಿಪ್‌ನ ಲಯಕ್ಕೆ ತಕ್ಕಂತೆ ತನ್ನ ಲಯವನ್ನು ಬದಲಿಸಿಕೊಳ್ಳುವಂಥದ್ದಾಗಿದ್ದುದರಿಂದ 50 ಆದರೂ 70 ಆದರೂ ಅಲ್ಲಿ ಕುಂಟುವಿಕೆ ಕಾಣಲಿಲ್ಲ.

ಹಳೆಯ ಗೇಮ್‌ಗಳು, ಚೆಸ್‌ನಂತೆ ಸರದಿ ಕಾಯುವ ಆಟಗಳು ಮತ್ತು ಎರಡು ಆಯಾಮದ ಆಟಗಳ ಬಗ್ಗೆ ಹೇಳುವುದೇನೂ ಇಲ್ಲ. ಅವು ಎರಡರಲ್ಲೂ ಸಮನಾಗಿ ನಡೆದವು.

ಪ್ರತ್ಯೇಕ ಗ್ರಾಫಿಕ್ಸ್ ಚಿಪ್ ಇಲ್ಲದ, ಇಂಟೆಲ್ ಪ್ರೊಸೆಸರಿನೊಳಗೇ ಸೇರಿರುವ ಐರಿಸ್ ಎಕ್ಸ್‌ಇ ಗ್ರಾಫಿಕ್ಸ್ ಇರುವ ಆಲ್-ಇನ್-ಒನ್ ಒಂದು ಅಕ್ಕನ ಮನೆಯಲ್ಲಿದೆ. ಅದರಲ್ಲಿ ಕಂಡದ್ದನ್ನು ಇಲ್ಲಿ ಹೇಳಲೇಬೇಕು, ಏಕೆಂದರೆ ಬಳಕೆದಾರರ ಕೈಯಲ್ಲಿಯೇ ಇರುವ ದೊಡ್ಡ ಸುಧಾರಣೆ ಅದೊಂದೇ. ಅದರಲ್ಲಿ 8 ಜಿಬಿಯ ಒಂದೇ ರ‍್ಯಾಮ್ ಇತ್ತು, ಡಿವೈಸ್ ಮ್ಯಾನೇಜರ್ ಅದರ ಗ್ರಾಫಿಕ್ಸನ್ನು ಯುಎಚ್‌ಡಿ ಎಂದು ತೋರಿಸುತ್ತಿತ್ತು. ಈ ಚಿಪ್ ಮುಖ್ಯ ಮೆಮೊರಿಯನ್ನೇ ಬಳಸುವುದರಿಂದ ಎರಡು ದಾರಿಗಳಲ್ಲಿ ದತ್ತಾಂಶ ಬರಬೇಕು, ಒಂದೇ ರ‍್ಯಾಮ್ ಇದ್ದರೆ ಅದಕ್ಕೆ ಐರಿಸ್ ಎಂಬ ಹೆಸರೂ ಸಿಗುವುದಿಲ್ಲ. ಅದೇ ಬಗೆಯ ಇನ್ನೊಂದು ರ‍್ಯಾಮ್ ಹಾಕಿದ ನಂತರ ಹೆಸರು ಬದಲಾಯಿತು, ಕಾಲ್ಚೆಂಡಿನ ಗೇಮ್ ಒಂದು 34ರಿಂದ 49 ಫ್ರೇಮ್‌ಗೆ ಏರಿತು. ಖಾಲಿ ರ‍್ಯಾಮ್ ಜಾಗ ಇಲ್ಲದ ಯಂತ್ರಗಳೂ ಇರುತ್ತವೆ, ಕೊಳ್ಳುವ ಮೊದಲೇ ಅದನ್ನು ವಿಚಾರಿಸಬೇಕು.

ಗ್ರಾಫಿಕ್ಸ್ ಚಿಪ್ಪನ್ನಾದರೋ ಹಾಗೆ ಬದಲಿಸಲಾಗದು, ಅದು ಮದರ್‌ಬೋರ್ಡಿಗೇ ಬೆಸುಗೆಯಾಗಿರುತ್ತದೆ. ಎರಡು ತಿಂಗಳ ನಂತರ ಕ್ಯಾಬಿನೆಟ್ ಯಂತ್ರವನ್ನು ಆಟಕ್ಕೆಂದು ಉಳಿಸಿಕೊಂಡೆ, ಆಲ್-ಇನ್-ಒನ್‌ನಲ್ಲಿ ಬರವಣಿಗೆಯ ಕೆಲಸ ಮುಂದುವರಿದಿದೆ. ಅದರ ಬೆನ್ನಿನಲ್ಲಿರುವ ಎರಡು ಎಚ್‌ಡಿಎಂಐ ಕಿಂಡಿಗಳಲ್ಲಿ ಒಂದು ಚಿತ್ರವನ್ನು ಒಳಕ್ಕೆ ತೆಗೆದುಕೊಳ್ಳುವಂಥದ್ದು, ಅದಕ್ಕೆ ಗೇಮ್ ಕನ್ಸೋಲ್ ಜೋಡಿಸಿದರೆ ಅದೇ ಪರದೆ ಬರೀ ಮಾನಿಟರ್ ಆಗಿ ಕೆಲಸ ಮಾಡುತ್ತದೆ. ಮಕ್ಕಳು ಈಗ ಅದರಲ್ಲಿ ಆಡುವುದು ಹಾಗೆ.